ಪೈಗಾಗಿ ಕೂಡಿಸುತ್ತಾ ಹೋದರೆ ಎಷ್ಟು ಉಳಿಯುತ್ತದೆ?

ಪಿಯುಸಿಯಲ್ಲಿ ಗಣಿತ ಓದಿದವರಿಗೆ ಟ್ಯಾನ್ ಇನ್ವರ್ಸ್ ಗೊತ್ತಿರುತ್ತದೆ. 45 ಡಿಗ್ರಿಯ ಟ್ಯಾನ್ ಬೆಲೆ 1. ಅದೇ 45 ಡಿಗ್ರಿಯನ್ನು ರೇಡಿಯನ್‌ನಲ್ಲಿ ಬರೆದರೆ π/4. ಅಂದರೆ 1ರ ಟ್ಯಾನ್ ಇನ್ವರ್ಸ್ π/4. ಈ ಟ್ಯಾನ್ ಇನ್ವರ್ಸ್ ಅನ್ನು ಶ್ರೇಣಿಯಾಗಿ ಹೀಗೆ ಬಿಡಿಸಬಹುದು:

arctan x = x − x³/3 + x⁵/5 − x⁷/7 + …

x ಇರುವ ಕಡೆಯೆಲ್ಲ 1 ಹಾಕಿ. ಘಾತಗಳೆಲ್ಲ ಮಾಯವಾಗಿ ಇದು ಉಳಿಯುತ್ತದೆ:

π/4 = 1 − 1/3 + 1/5 − 1/7 + 1/9 − …

ವರ್ಗಮೂಲ ಇಲ್ಲ, ವೃತ್ತ ಇಲ್ಲ, ಕೋನ ಇಲ್ಲ. ಬರೀ ಬೆಸಸಂಖ್ಯೆಗಳು. ಒಂದನ್ನು ಕೂಡಿಸಿ, ಮುಂದಿನದನ್ನು ಕಳೆಯಿರಿ. ಕೊನೆಗೆ 4ರಿಂದ ಗುಣಿಸಿದರೆ ಪೈ. ಕೇರಳದ ಸಂಗಮಗ್ರಾಮದ ಮಾಧವ ಇದನ್ನು 14ನೇ ಶತಮಾನದ ಹೊತ್ತಿಗೇ ಕಂಡುಕೊಂಡಿದ್ದ. ಯುರೋಪಿನಲ್ಲಿ ಗ್ರೆಗರಿ ಮತ್ತು ಲೈಬ್ನಿಜ್ ಇದಕ್ಕೆ ಬಂದದ್ದು 1670ರ ದಶಕದಲ್ಲಿ. ಮಾಧವ ಬರೆದ ಗಣಿತದ ಗ್ರಂಥ ನಮಗೆ ಸಿಕ್ಕಿಲ್ಲ. ಆದರೆ ಅವನ ಪರಂಪರೆಯ ಜ್ಯೇಷ್ಠದೇವ 16ನೇ ಶತಮಾನದಲ್ಲಿ ಮಲಯಾಳದಲ್ಲಿ ಬರೆದ 'ಯುಕ್ತಿಭಾಷಾ'ದಲ್ಲಿ ಈ ಶ್ರೇಣಿ ಸಾಧನೆ ಸಮೇತ ಇದೆ.

ಧಾರವಾಡದ ಸಪ್ತಾಪುರದಲ್ಲಿ ನಾನು ಗಣಿತದ ಟ್ಯೂಷನ್ ಹೇಳುತ್ತೇನೆ. ಈ ಶ್ರೇಣಿ ಬರೆದು ತೋರಿಸಿದ ದಿನ ಹುಡುಗರಿಗೆ ಖುಷಿಯೋ ಖುಷಿ. ಮನೆಗೆ ಹೋಗಿ ಕೂಡಿಸಿ ನೋಡುತ್ತಾರೆ. ಮರುದಿನ ಯಾರಾದರೊಬ್ಬರು ಮುಖ ಸಣ್ಣದು ಮಾಡಿಕೊಂಡು ಬರುತ್ತಾರೆ. ಹೋದ ವರ್ಷ ಶಿಗ್ಗಾಂವಿ ಕಡೆಯ ಹುಡುಗನೊಬ್ಬ ನೋಟ್‌ಬುಕ್ ಮುಂದಿಟ್ಟು ಕೇಳಿದ: "ಸರ್, ಹತ್ತು ಪದ ಕೂಡಿಸೀನ್ರೀ. 3.04 ಬಂದೈತ್ರೀ. ಎಲ್ಲೆ ತಪ್ಪೈತಿ ನೋಡ್ರಿ." ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಹತ್ತು ಪದಕ್ಕೆ ಬರುವುದೇ ಅಷ್ಟು.

4ರಿಂದ ಗುಣಿಸಿದ ಮೊತ್ತಗಳನ್ನು ಸಾಲಾಗಿ ನೋಡಿ. ಒಂದು ಪದಕ್ಕೆ 4. ಎರಡಕ್ಕೆ 2.667. ಮೂರಕ್ಕೆ 3.467. ನಾಲ್ಕಕ್ಕೆ 2.895. ಒಂಬತ್ತಕ್ಕೆ 3.252. ಹತ್ತಕ್ಕೆ 3.0418. ಮೊತ್ತ ಒಮ್ಮೆ ಪೈಯನ್ನು ದಾಟಿ ಮೇಲೆ ಹೋಗುತ್ತದೆ, ಮುಂದಿನ ಸಲ ಕೆಳಗಿಳಿಯುತ್ತದೆ. ಹತ್ತಿರ ಬರುತ್ತದೆ ನಿಜ, ಆದರೆ ಬಹಳ ನಿಧಾನ. ನೂರು ಪದಕ್ಕೆ 3.1316. ಸಾವಿರ ಪದಕ್ಕೆ 3.14059.

20 ಅಡಿ ಅಗಲದ ಒಂದು ದುಂಡು ಬಾವಿಗೆ ಕಟ್ಟೆ ಕಟ್ಟಬೇಕು ಅಂದುಕೊಳ್ಳಿ. ಹತ್ತು ಪದದ ಪೈ ಹಿಡಿದು ಸುತ್ತಳತೆ ಲೆಕ್ಕ ಹಾಕಿದರೆ ಕಲ್ಲು 2 ಅಡಿಯಷ್ಟು ಕಡಿಮೆ ಬೀಳುತ್ತದೆ. ಸಾವಿರ ಪದದ ಪೈ ಹಿಡಿದರೆ ಕೊರತೆ ಕಾಲು ಇಂಚು. ಬಾವಿಗೆ ಅದು ಸಾಕು. ಆದರೆ ಸಾವಿರ ಭಾಗಾಕಾರ ಮಾಡಿ ಸಿಕ್ಕಿದ್ದು ಇಷ್ಟೇ!

ಇದರ ನಿಯಮ ಸರಳ. n ಪದ ಕೂಡಿಸಿದರೆ ಪೈಯಲ್ಲಿ ಉಳಿಯುವ ತಪ್ಪು ಸುಮಾರು 1/n. ಹತ್ತು ಪದಕ್ಕೆ 0.1, ಸಾವಿರಕ್ಕೆ 0.001. ಒಂದೊಂದು ಹೊಸ ದಶಮಾಂಶ ಸ್ಥಾನಕ್ಕೂ ಪದಗಳು ಹತ್ತು ಪಟ್ಟು ಜಾಸ್ತಿ ಬೇಕು. ತಪ್ಪು ಹತ್ತನೇ ದಶಮಾಂಶ ಸ್ಥಾನಕ್ಕೆ ಸರಿಯಬೇಕಾದರೆ ಸುಮಾರು 1000 ಕೋಟಿ ಪದ. ಸೆಕೆಂಡಿಗೆ ಒಂದರಂತೆ ಕೂಡಿಸಿದರೂ 300 ವರ್ಷ ದಾಟುತ್ತದೆ.

ಯಾಕೆ ಇಷ್ಟು ನಿಧಾನ? ಉತ್ತರ ಶ್ರೇಣಿ ಹುಟ್ಟುವ ಜಾಗದಲ್ಲೇ ಇದೆ. 1/(1+x²) ಅನ್ನು ಭಾಗಾಕಾರ ಮಾಡುತ್ತಾ ಹೋದರೆ 1 − x² + x⁴ − x⁶ … ಅಂತ ಬರುತ್ತದೆ. n ಪದ ಬರೆದು ನಿಲ್ಲಿಸಿದರೆ ಭಾಗಾಕಾರದಲ್ಲಿ ಒಂದು ಶೇಷ ಇದ್ದೇ ಇರುತ್ತದೆ. ಚಿಹ್ನೆ ಬಿಟ್ಟರೆ ಅದು x²ⁿ/(1+x²). ಈಗ ಎಲ್ಲವನ್ನೂ 0ಯಿಂದ 1ರವರೆಗೆ ಇಂಟಿಗ್ರೇಟ್ ಮಾಡಿ. ಎಡಗಡೆ π/4 ಬರುತ್ತದೆ. ಬಲಗಡೆ ನಮ್ಮ ಶ್ರೇಣಿಯ n ಪದಗಳು, ಜೊತೆಗೆ ಆ ಶೇಷದ ಇಂಟಿಗ್ರಲ್. ನಾವು ಕೂಡಿಸದೆ ಬಿಟ್ಟ ಅನಂತ ಪದಗಳೆಲ್ಲ ಸೇರಿದರೆ ಆಗುವುದು ಇದೊಂದೇ ವಿಸ್ತೀರ್ಣ.

ಅದು ಎಷ್ಟಿದೆ? n = 10 ಅಂದರೆ x²⁰. x 0.5 ಇದ್ದಾಗ ಇದು ಹತ್ತು ಲಕ್ಷದಲ್ಲಿ ಒಂದು ಭಾಗ, ಇಲ್ಲವೆಂದೇ ಲೆಕ್ಕ. ಆದರೆ 0.9ರಲ್ಲಿ 0.12 ಆಗುತ್ತದೆ, 1ರಲ್ಲಿ ಪೂರ್ತಿ 1. ವಿಸ್ತೀರ್ಣವೆಲ್ಲ 1ರ ಮಗ್ಗುಲಲ್ಲೇ ಗುಂಪುಗೂಡಿದೆ. ನಾವು x = 1 ಅಂತ ತೀರಾ ಅಂಚಿಗೆ ಹೋಗಿದ್ದೇವಲ್ಲ, ಅಲ್ಲಿ ಘಾತ ಎಷ್ಟೇ ಏರಿಸಿದರೂ ಸಂಖ್ಯೆ ಸಣ್ಣದಾಗುವುದಿಲ್ಲ. ನಿಧಾನಕ್ಕೆ ಕಾರಣ ಅದೇ.

ಅದೇ ವಿಸ್ತೀರ್ಣ ಇನ್ನೊಂದು ಮಾತನ್ನೂ ಹೇಳುತ್ತದೆ. 1ರ ಹತ್ತಿರ 1+x² ಅಂದರೆ ಸುಮಾರು 2. ಹಾಗಾಗಿ ಉಳಿಕೆ ಸುಮಾರು x²ⁿ ಇಂಟಿಗ್ರಲ್‌ನ ಅರ್ಧ, ಅಂದರೆ 1/(2n+1)ರ ಅರ್ಧ. 1/(2n+1) ಅಂದರೆ ನಾವು ಮುಂದೆ ಸೇರಿಸಬೇಕಿದ್ದ ಪದ. ಅನಂತ ಪದಗಳು ಬಾಕಿ ಇದ್ದರೂ ಅವೆಲ್ಲ ಸೇರಿ ಆಗುವುದು ಮುಂದಿನ ಒಂದೇ ಪದದ ಅರ್ಧದಷ್ಟು. ಈ ಶ್ರೇಣಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು. ಬಾಕಿ ಎಷ್ಟು ಅಂತ ಗೊತ್ತಿದ್ದ ಮೇಲೆ ಸುಮ್ನೆ ಕೂಡಿಸುತ್ತಾ ಕೂರಬೇಕಿಲ್ಲ. ಬಾಕಿಯನ್ನೇ ಒಂದೇ ಸಲಕ್ಕೆ ಸೇರಿಸಿಬಿಡಬಹುದು.

ಮಾಧವನ ಪರಂಪರೆಯವರು ಮಾಡಿದ್ದು ಇದನ್ನೇ, ಅದೂ ಇಂಟಿಗ್ರೇಷನ್ ಚಿಹ್ನೆ ಇಲ್ಲದ ಕಾಲದಲ್ಲಿ. ಅವರ ದಾರಿ ಹೀಗಿದೆ. n ಪದ ಆದ ಮೇಲಿನ ಬಾಕಿಗೆ F(n) ಅನ್ನೋಣ. ಮುಂದಿನ ಪದ 1/(2n+1) ಸೇರಿಸಿದರೆ ಮೊತ್ತ ಪೈ/4ನ್ನು ದಾಟಿ ಆಚೆಗೆ ಹೋಗುತ್ತದೆ. ದಾಟಿದ ಪ್ರಮಾಣವೇ F(n+1). ಅಂದರೆ ಈಚೆಯ ಅಂತರ, ಆಚೆಯ ಅಂತರ ಎರಡೂ ಸೇರಿದರೆ ಆ ಪದ:

F(n) + F(n+1) = 1/(2n+1)

ಇದನ್ನು ಪೂರೈಸುವ F ಹುಡುಕಬೇಕು. ಎರಡೂ ಅಂತರ ಸಮ ಅಂದುಕೊಂಡರೆ ತಲಾ 1/(4n+2). ಆದರೆ ಬಾಕಿ ಕಡಿಮೆಯಾಗುತ್ತಾ ಹೋಗುವುದರಿಂದ F(n) ಸ್ವಲ್ಪ ದೊಡ್ಡದಿರಬೇಕು. 1/(4n) ಹಾಕಿ ನೋಡೋಣ. n = 10 ಇಟ್ಟುಕೊಂಡರೆ F(10) = 1/40, F(11) = 1/44. ಕೂಡಿಸಿದರೆ 21/440. ನಮಗೆ ಬೇಕಾದದ್ದು 1/21, ಅಂದರೆ 21/441. ಛೇದದಲ್ಲಿ ಒಂದೇ ಒಂದು ಕಡಿಮೆ ಬಿತ್ತು! ಇದು 10ಕ್ಕೆ ಮಾತ್ರ ಆದ ಆಕಸ್ಮಿಕ ಅಲ್ಲ. n ಯಾವುದೇ ಇರಲಿ, (2n+1)² ಅಂದರೆ 4n²+4n+1. ನಮಗೆ ಸಿಗುವುದು 4n²+4n. ಯಾವಾಗಲೂ ಒಂದೇ ವ್ಯತ್ಯಾಸ.

ಆ ಒಂದನ್ನು ಸರಿಮಾಡಲು 4nಗೆ ಒಂದು ಚಿಕ್ಕ ತುಣುಕು ಸೇರಿಸಬೇಕು. 1/n ಸೇರಿಸಿದರೆ F(n) = 1/(4n + 1/n), ಅಂದರೆ n/(4n²+1). ಮತ್ತೆ ಪರೀಕ್ಷೆ: 10/401 + 11/485. ಕೂಡಿಸಿದರೆ 9261/194485. 9261 ಅಂದರೆ 21ರ ಘನ. ಬೇಕಾದ ಛೇದ 21ರ ನಾಲ್ಕನೇ ಘಾತ, 194481. ಎರಡು ಲಕ್ಷದ ಹತ್ತಿರದ ಸಂಖ್ಯೆಯಲ್ಲಿ 4 ಮಾತ್ರ ಹೆಚ್ಚು. ಬೋರ್ಡಿನ ಮೇಲೆ ಇದನ್ನು ಮಾಡಿ ತೋರಿಸಿದಾಗ ಮಕ್ಕಳು ತಾವೇ ಕ್ಯಾಲ್ಕುಲೇಟರ್ ತೆಗೆದು ಮತ್ತೊಮ್ಮೆ ಗುಣಿಸಿ ನೋಡುತ್ತಾರೆ.

ಮೂರನೆಯ ತಿದ್ದುಪಡಿ ಇನ್ನೂ ಬಿಗಿ: F(n) = (n²+1) / (n(4n²+5)). ಇದಕ್ಕೆ F(10) = 101/4050, F(11) = 122/5379. ಎರಡನ್ನೂ ಕೂಡಿಸಿ 21ರಿಂದ ಗುಣಿಸಿದರೆ ಸರಿಯಾಗಿ 1 ಬರಬೇಕು. ಬರುವುದು 21784959/21784950. ಎರಡು ಕೋಟಿ ಮೀರಿದ ಸಂಖ್ಯೆಯಲ್ಲಿ 9ರ ವ್ಯತ್ಯಾಸ.

ಈಗ ಆ ಹುಡುಗನ ನೋಟ್‌ಬುಕ್ಕಿಗೆ ವಾಪಸ್ ಹೋಗೋಣ. ಅವನ ಹತ್ತು ಪದದ ಮೊತ್ತ 3.0418396189. ಪೈ ಬೇಕಾದ್ದರಿಂದ ತಿದ್ದುಪಡಿಯನ್ನೂ 4ರಿಂದ ಗುಣಿಸಬೇಕು. ಮೊದಲ ತಿದ್ದುಪಡಿ 4 × 1/40, ಅಂದರೆ 0.1 ಸೇರಿಸಿದರೆ 3.14184. ಬಾಯಿಲೆಕ್ಕದಲ್ಲಿ ಆಗುವ ಕೆಲಸ! ಎರಡನೆಯದು 40/401. ಅದನ್ನು ಸೇರಿಸಿದರೆ 3.1415902. ಮೂರನೆಯದು 404/4050. ಅದರಿಂದ 3.1415927053. ನಿಜವಾದ ಬೆಲೆ 3.1415926536. ಅದೇ ಹತ್ತು ಪದಗಳು, ಕೊನೆಗೆ ಒಂದು ಭಿನ್ನರಾಶಿ. ತಪ್ಪು 0.1ರಿಂದ ಎರಡು ಕೋಟಿಯಲ್ಲಿ ಒಂದು ಭಾಗದಷ್ಟಕ್ಕೆ ಇಳಿಯಿತು. ಬರೀ ಕೂಡಿಸಿಯೇ ಅಲ್ಲಿಗೆ ಮುಟ್ಟಬೇಕೆಂದರೆ ಸುಮಾರು 2 ಕೋಟಿ ಪದ ಬೇಕಿತ್ತು.

ಇಲ್ಲಿ ಎಡವುವ ಜಾಗ ಒಂದಿದೆ, ಚಿಹ್ನೆ. ಪದಗಳ ಸಂಖ್ಯೆ ಸಮ ಇದ್ದರೆ ಮೊತ್ತ ಪೈಗಿಂತ ಕೆಳಗಿರುತ್ತದೆ, ತಿದ್ದುಪಡಿ ಕೂಡಿಸಬೇಕು. ಬೆಸ ಇದ್ದರೆ ಮೇಲಿರುತ್ತದೆ, ಕಳೆಯಬೇಕು. ಒಂಬತ್ತು ಪದದ 3.25237ರಿಂದ 1/9 ಕಳೆದರೆ 3.14125. ತಪ್ಪಿ ಕೂಡಿಸಿದರೆ 3.36 ಆಗುತ್ತದೆ, ತಿದ್ದುಪಡಿಯೇ ಇಲ್ಲದಿದ್ದಾಗಿನದ್ದಕ್ಕಿಂತ ಕೆಟ್ಟ ಉತ್ತರ. ಅನುಮಾನ ಬಂದರೆ ಮುಂದಿನ n ಹಾಕಿ ನೋಡಿ. ಚಿಹ್ನೆ ಸರಿ ಇದ್ದರೆ ಎರಡು ಉತ್ತರಗಳೂ ಬಹುಮಟ್ಟಿಗೆ ಒಂದೇ ಬರುತ್ತವೆ. ತಪ್ಪಿದ್ದರೆ ಮೊತ್ತ ಮೊದಲಿಗಿಂತ ಜೋರಾಗಿ ಮೇಲೆ ಕೆಳಗೆ ಹಾರುತ್ತದೆ.

ಲ್ಯಾಪ್‌ಟಾಪ್ ಇದ್ದವರು ಪೈಥಾನ್‌ನಲ್ಲಿ ಮಾಡಿ ನೋಡಬಹುದು:

```python
n = 10
s = 0.0
for k in range(n):
    s += (-1)**k / (2*k + 1)
f = (n*n + 1) / (n * (4*n*n + 5))
print(4*s, 4*(s + (-1)**n * f))
```

`(-1)**n` ಇರುವುದು ಚಿಹ್ನೆಯ ಕೆಲಸಕ್ಕೆ. ಇಲ್ಲಿ `n = 50` ಹಾಕಿ. ತಿದ್ದದ ಉತ್ತರ 3.12 ಅಂತಲೇ ಇರುತ್ತದೆ. ತಿದ್ದಿದ ಉತ್ತರದ ತಪ್ಪು ಒಂದು ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ.

ಬಾಕಿ ಎಷ್ಟು ಶಿಸ್ತಿನದು ಅನ್ನುವುದಕ್ಕೆ ಒಂದು ಸೋಜಿಗದ ಸಾಕ್ಷಿ ಇದೆ. 5 ಲಕ್ಷ ಪದ ಕೂಡಿಸಿದ ಮೊತ್ತವನ್ನು ಪೈ ಜೊತೆ ಮೇಲೆ ಕೆಳಗೆ ಇಟ್ಟು ನೋಡಿ:

```
3.141590653589793240462643383269502884...
3.141592653589793238462643383279502884...
```

ಮೇಲಿನದು ಮೊತ್ತ, ಕೆಳಗಿನದು ಪೈ. ಆರನೇ ದಶಮಾಂಶ ಸ್ಥಾನದಲ್ಲಿ 2 ಇರಬೇಕಾದಲ್ಲಿ 0 ಇದೆ. ಅಲ್ಲಿಗೆ ಮೊತ್ತ ಕೆಟ್ಟಿತು ಅಂತ ಬಿಟ್ಟರೆ ಮುಂದಿನದ್ದು ಕಾಣುವುದಿಲ್ಲ. ಆ ಒಂದು ಅಂಕಿ ತಪ್ಪಿದ ಮೇಲೆ ಮತ್ತೆ ಅಂಕಿಗಳೆಲ್ಲ ಸರಿ! ಮುಂದೆ 38 ಇರಬೇಕಾದಲ್ಲಿ 40. ಮತ್ತೆ ಸರಿ. ಆಮೇಲೆ 7 ಇರಬೇಕಾದಲ್ಲಿ 6. ಇದನ್ನು 1988ರಲ್ಲಿ ನಾರ್ತ್ ಅನ್ನುವವರು ಗಮನಿಸಿದರು. ಮರುವರ್ಷ ಜೋನಾಥನ್ ಮತ್ತು ಪೀಟರ್ ಬೋರ್ವೈನ್ ಸೋದರರು ಕಾರ್ಲ್ ಡಿಲ್ಚರ್ ಜೊತೆ ಸೇರಿ ಕಾರಣ ವಿವರಿಸಿದರು. ಪೈಯಲ್ಲಿ ಉಳಿಯುವ ಬಾಕಿ ಹೀಗಿರುತ್ತದೆ:

2 × (1/N − 1/N³ + 5/N⁵ − 61/N⁷ + …)

ಇಲ್ಲಿ N ಅಂದರೆ ಪದಗಳ ಸಂಖ್ಯೆಯ ಎರಡರಷ್ಟು. 5 ಲಕ್ಷ ಪದಕ್ಕೆ N ಸರಿಯಾಗಿ 10 ಲಕ್ಷ. 10 ಲಕ್ಷದಿಂದ ಭಾಗಿಸುವುದು ಅಂದರೆ ದಶಮಾಂಶ ಬಿಂದು ಸರಿಸುವುದಷ್ಟೇ. ಆದ್ದರಿಂದ 2, 2, 10 ಅನ್ನುವ ತಪ್ಪುಗಳು ದೂರ ದೂರ ಕೂತು, ನಡುವಿನ ಅಂಕಿಗಳನ್ನು ಮುಟ್ಟದೆ ಬಿಡುತ್ತವೆ. 1, 1, 5, 61 ಇವಕ್ಕೆ ಆಯ್ಲರ್ ಸಂಖ್ಯೆಗಳು ಅನ್ನುತ್ತಾರೆ. ಮೊದಲ ತಿದ್ದುಪಡಿ 1/(4n)ನ್ನು 4ರಿಂದ ಗುಣಿಸಿದರೆ ಬರುವ 1/n, ಈ ಸಾಲಿನ ಮೊದಲ ಪದವಾದ 2/N, ಎರಡೂ ಒಂದೇ.

ಆದರೆ ಈ ಸಾಲನ್ನು ಬೇಕಾದಷ್ಟು ಎಳೆಯಲಾಗುವುದಿಲ್ಲ. 61ರ ನಂತರ 1385, ಆಮೇಲೆ 50521. ಮೇಲಿನ ಸಂಖ್ಯೆಗಳು ಇಷ್ಟು ರಭಸವಾಗಿ ಬೆಳೆಯುವುದರಿಂದ ಒಂದು ಹಂತದಲ್ಲಿ N ಘಾತಗಳನ್ನೂ ಮೀರಿಸುತ್ತವೆ. ಅಲ್ಲಿಂದ ಮುಂದೆ ಸೇರಿಸಿದಷ್ಟೂ ಉತ್ತರ ಕೆಡುತ್ತದೆ. ಹತ್ತು ಹನ್ನೆರಡು ಅಂಕಿ ಬೇಕಾದವರಿಗೆ ತಿದ್ದುಪಡಿಯ ದಾರಿ ಚೆನ್ನ. ನೂರು ಅಂಕಿ ಬೇಕಾದರೆ x = 1 ಅನ್ನುವ ಅಂಚಿನಿಂದಲೇ ಹಿಂದೆ ಸರಿಯಬೇಕು.

ಅದಕ್ಕೂ ಮೊದಲ ಹೆಜ್ಜೆ ಕೇರಳದವರದೇ. 30 ಡಿಗ್ರಿಯ ಟ್ಯಾನ್ 1/√3. ಅದನ್ನು x ಆಗಿ ಹಾಕಿದರೆ

π = √12 × (1 − 1/(3·3) + 1/(5·3²) − 1/(7·3³) + …)

ಪ್ರತಿ ಪದಕ್ಕೂ ಮೂರರಿಂದ ಭಾಗಾಕಾರ ಸಿಗುತ್ತದೆ. ಹತ್ತು ಪದಕ್ಕೇ 3.14159 ಬರುತ್ತದೆ. 21 ಪದಕ್ಕೆ 3.14159265359, ಮಾಧವನ ಹೆಸರಿನಲ್ಲಿ ಉಳಿದಿರುವ ಬೆಲೆ. ಯುರೋಪಿನಲ್ಲಿ 1699ರಲ್ಲಿ ಅಬ್ರಹಾಂ ಶಾರ್ಪ್ ಇದೇ ಶ್ರೇಣಿಯಿಂದ 71 ಅಂಕಿ ತೆಗೆದ. ತೊಂದರೆ ಒಂದೇ, √12. ಪೈಗೆ ಎಷ್ಟು ಅಂಕಿ ಬೇಕೋ ಅಷ್ಟೂ ಅಂಕಿಗೆ ಮೊದಲು ವರ್ಗಮೂಲ ತೆಗೆದುಕೊಂಡಿರಬೇಕು. ಕೈಲೆಕ್ಕದಲ್ಲಿ ಅದೇ ದೊಡ್ಡ ಕೆಲಸ.

1706ರಲ್ಲಿ ಜಾನ್ ಮೇಚಿನ್ ವರ್ಗಮೂಲವನ್ನೇ ತಪ್ಪಿಸಿದ. ಅವನ ಉಪಾಯಕ್ಕೆ ಪಿಯುಸಿಯ tan 2A ಸೂತ್ರ ಸಾಕು. tan A = 1/5 ಇರುವ ಕೋನ ತೆಗೆದುಕೊಳ್ಳಿ. ಸೂತ್ರ ಹಾಕಿದರೆ tan 2A = 5/12. ಇನ್ನೊಮ್ಮೆ ಹಾಕಿದರೆ tan 4A = 120/119. ಇದು 1ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಅಂದರೆ 4A ಕೋನ 45 ಡಿಗ್ರಿಗಿಂತ ಚೂರು ದೊಡ್ಡದು. ಆ ಚೂರಿನ ಟ್ಯಾನ್ ಎಷ್ಟು? (120/119 − 1)ನ್ನು (1 + 120/119)ರಿಂದ ಭಾಗಿಸಿದರೆ 1/239. ಹಾಗಾಗಿ

π/4 = 4 arctan(1/5) − arctan(1/239)

5ರಿಂದ ಭಾಗಿಸುವುದು ದಶಮಾಂಶದಲ್ಲಿ ಬಲು ಸುಲಭ. ಎರಡರಿಂದ ಗುಣಿಸಿ ಬಿಂದು ಸರಿಸಿದರಾಯಿತು. ಪ್ರತಿ ಪದಕ್ಕೂ 25ರಿಂದ ಭಾಗಾಕಾರ ಸಿಗುತ್ತದೆ. ಇನ್ನೊಂದು ಭಾಗದಲ್ಲಿ 239ರ ವರ್ಗ, ಅಂದರೆ 57121ರಿಂದ. ಕೈಯಲ್ಲೇ ಮಾಡೋಣ. 16 arctan(1/5)ರ ಆರು ಪದಗಳು:

3.2 − 0.0426666667 + 0.001024 − 0.0000292571 + 0.0000009102 − 0.0000000298

ಮೊತ್ತ 3.1583289566. 4 arctan(1/239)ಗೆ ಎರಡೇ ಪದ ಸಾಕು: 0.0167364017 − 0.0000000977, ಅಂದರೆ 0.0167363040. ಕಳೆದರೆ 3.1415926526. ಒಟ್ಟು ಎಂಟು ಪದಕ್ಕೆ ಎಂಟು ದಶಮಾಂಶ ಸ್ಥಾನ ಸರಿ. ಒಂಬತ್ತನೆಯದರಲ್ಲಿ ಮಾತ್ರ 3 ಇರಬೇಕಾದಲ್ಲಿ 2 ಬಂದಿದೆ. ಅದೂ ಬೇಕಾದರೆ ಮೊದಲ ಭಾಗಕ್ಕೆ ಇನ್ನೊಂದು ಪದ ಸೇರಿಸಿ.

ಮೇಚಿನ್ ಇದರಿಂದ 100 ಅಂಕಿ ತೆಗೆದ. 1949ರಲ್ಲಿ ಎನಿಯಾಕ್ ಕಂಪ್ಯೂಟರ್ 70 ಗಂಟೆ ಓಡಿ 2037 ಅಂಕಿ ಕೊಟ್ಟದ್ದೂ ಇದೇ ಸೂತ್ರದಿಂದ. ಇಲ್ಲಿ ಒಂದೊಂದು ಹೊಸ ಅಂಕಿಗೆ ಬೇಕಾಗುವ ಪದಗಳು ಹತ್ತು ಪಟ್ಟು ಬೆಳೆಯುವುದಿಲ್ಲ. ಮೊದಲ ಅಂಕಿಗೆ ಎಷ್ಟೋ ನೂರನೆಯದಕ್ಕೂ ಅಷ್ಟೇ. ಇವತ್ತಿನ ದಾಖಲೆಗಳಿಗೆ ಬಳಸುವ ಚುಡ್ನೋವ್‌ಸ್ಕಿ ಶ್ರೇಣಿ ರಾಮಾನುಜನ್ ದಾರಿಯದು. ಅದರಲ್ಲಿ ಒಂದು ಪದಕ್ಕೆ 14 ಅಂಕಿ ಸಿಗುತ್ತದೆ.

ಶ್ರೇಣಿ ವೇಗದ್ದಾದರೂ ಕೈತಪ್ಪು ತಪ್ಪುವುದಿಲ್ಲ. ಇಂಗ್ಲೆಂಡಿನ ವಿಲಿಯಂ ಶ್ಯಾಂಕ್ಸ್ ಮೇಚಿನ್ ಸೂತ್ರ ಹಿಡಿದು ವರ್ಷಗಟ್ಟಲೆ ಕೂತು 1873ರಲ್ಲಿ 707 ಅಂಕಿ ಪ್ರಕಟಿಸಿದ. 528ನೇ ಅಂಕಿಯಿಂದ ಮುಂದಿನದು ತಪ್ಪು ಅಂತ ಗೊತ್ತಾದದ್ದು 1940ರ ದಶಕದಲ್ಲಿ, ಡಿ. ಎಫ್. ಫರ್ಗ್ಯುಸನ್ ಲೆಕ್ಕ ಮಾಡಿದಾಗ. ಫರ್ಗ್ಯುಸನ್ ಶ್ಯಾಂಕ್ಸ್‌ನ ಸಾಲುಗಳನ್ನು ಮತ್ತೆ ತಿದ್ದಲು ಹೋಗಲಿಲ್ಲ. ಬೇರೆಯದೇ ಸೂತ್ರ ಹಿಡಿದರು:

π/4 = 3 arctan(1/4) + arctan(1/20) + arctan(1/1985)

ಎರಡು ಬೇರೆ ಸೂತ್ರಗಳಲ್ಲಿ ಒಂದೇ ತಪ್ಪು ಒಂದೇ ಜಾಗದಲ್ಲಿ ಬೀಳುವುದು ಹೆಚ್ಚುಕಡಿಮೆ ಅಸಾಧ್ಯ. ಎರಡು ಉತ್ತರಗಳು ಎಲ್ಲಿಯವರೆಗೆ ಹೊಂದುತ್ತವೋ ಅಲ್ಲಿಯವರೆಗೆ ನಂಬಬಹುದು. ಮನೆಯಲ್ಲಿ ಮೇಚಿನ್ ಲೆಕ್ಕ ಮಾಡುವವರು ಪಕ್ಕದಲ್ಲಿ ಹತ್ತು ಪದ, ಮೂರನೇ ತಿದ್ದುಪಡಿಯ ಮಾಧವ ಲೆಕ್ಕವನ್ನೂ ಇಟ್ಟುಕೊಳ್ಳಿ. 3.141592ರವರೆಗೆ ಎರಡೂ ಒಂದೇ ಬಂದರೆ ಭಾಗಾಕಾರದಲ್ಲಿ ಎಲ್ಲೂ ದೊಡ್ಡದಾಗಿ ಎಡವಿಲ್ಲ ಅಂತ ಅರ್ಥ.